ಅತ್ತೆಯವರ ಮೊಣಕಾಲು

"ಲಿಫ್ಟ್ ಇದೆಯಾ ಅಂತ ಮಾತ್ರ ಕೇಳ್ಬೇಡಿ, ನಿಮ್ಮ ದಮ್ಮಯ್ಯ," ಎಂದು ಬ್ರೋಕರ್ ಸ್ಕೂಟರಿನ ಮೇಲೆ ಕೂತ ಹಾಗೇ ಕೈಮುಗಿದ. "ಹತ್ತಿರದಲ್ಲಿ ಕ್ಲಿನಿಕ್ ಎಲ್ಲಿದೆ ಅಂತಂತೂ ಬಾಯೇ ಬಿಡ್ಬೇಡಿ."

"ಮತ್ತೇನು ಕೇಳ್ಲಪ್ಪಾ? ಈಜುಕೊಳ ಎಷ್ಟು ಆಳ ಇದೆ ಅಂತ ಕೇಳ್ಲಾ?" ಎಂದರು ಟೈಲರಮ್ಮ.

ಹಿಂದೆ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದ ಅವರ ಗಂಡನಿಗೆ ನಗು ಬಂತು. ಅದನ್ನು ಕೆಮ್ಮು ಮಾಡಿ ನುಂಗಿಕೊಂಡರು. ಅವರು ಅಂಚೆ ಕಚೇರಿಯಲ್ಲಿ ಇದ್ದವರು. ನಿವೃತ್ತಿಯಾಗಿ ಯಾವ ಕಾಲವಾಯಿತೋ, ಬೀದಿಯವರ ಬಾಯಲ್ಲಿ ಈಗಲೂ ಪೋಸ್ಟ್‌ಮಾಸ್ಟರೇ. ಟೈಲರಮ್ಮ ಮೂಲೆ ಅಂಗಡಿಯಲ್ಲಿ ಅರ್ಧ ಊರಿನ ರವಿಕೆ ಹೊಲಿದವರು. ಅಂಗಡಿ ಮುಚ್ಚಿದರೂ ಅಳತೆ ಟೇಪು ಮಾತ್ರ ಅವರ ಕೈಚೀಲ ಬಿಟ್ಟು ಹೋಗಿರಲಿಲ್ಲ.

ಬ್ರೋಕರ್ ಮೆಲ್ಲಗೆ ವಿವರಿಸಿದ. "ನೋಡಿ ಅಮ್ಮಾ, ನೀವು ಲಿಫ್ಟ್ ಅಂದ್ರೆ ಓನರ್ ಕಿವಿಗೆ ಮೊಣಕಾಲು ಹೋಗಿದೆ ಅಂತ ಕೇಳಿಸುತ್ತೆ. ಕ್ಲಿನಿಕ್ ಅಂದ್ರೆ ಹಾರ್ಟು ಹೋಗಿದೆ ಅಂತ. ಎರಡೂ ಒಟ್ಟಿಗೆ ಕೇಳಿದ್ರೆ ಆಳೇ ಹೋಗೋ ಹಾಗಿದ್ದಾರೆ ಅಂತ. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರು ಓಡಾಡೋರು, ಆ ಮನೆಗೆ ಆಮೇಲೆ ಯಾರು ಬರ್ತಾರೆ ಅಂತ ಅವರಿಗೆ ಭಯ. ಹೋದ ಎರಡು ಮನೇನೂ ಹಾಗೇ ಕೈತಪ್ಪಿದ್ದು. ಬೇರೆಯವರಿಗೆ ಕೊಟ್ಟಾಯ್ತು ಅಂದ್ರಲ್ಲ, ಯಾರಿಗೂ ಕೊಟ್ಟಿಲ್ಲ. ಟು-ಲೆಟ್ ಬೋರ್ಡ್ ಇನ್ನೂ ಅಲ್ಲೇ ನೇತಾಡ್ತಿದೆ."

ಕೇಳಿ ಟೈಲರಮ್ಮನ ಮೂಗಿನ ತುದಿ ಕೆಂಪಾಯಿತು. ಲಿಫ್ಟ್ ಕೇಳದೆ ಮನೆ ಹಿಡಿಯುವುದಾದರೆ ಈಗ ಇರುವ ಮನೆಗೇನು ದಾಡಿ? ಅದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಂದಾಗ ಮೊಣಕಾಲು ಮೊಣಕಾಲಿನ ಹಾಗೇ ಇದ್ದವು, ಪೋಸ್ಟ್‌ಮಾಸ್ಟರ ಎದೆಯೊಳಗೆ ಸ್ಟೆಂಟ್ ಕೂತಿರಲಿಲ್ಲ, ಗಾಳಿ ಬೆಳಕು ಚೆನ್ನಾಗಿದೆ ಅಂತ ಇಬ್ಬರೂ ಹಿಗ್ಗಿದ್ದರು. ಹೋದ ವರ್ಷ ಒಂದು ಸಂಜೆ ಟೈಲರಮ್ಮನಿಗೆ ಎದೆ ಹಿಡಿದುಕೊಂಡಿತು. ಆಂಬ್ಯುಲೆನ್ಸ್ ಕೆಳಗೆ ನಿಂತಿತ್ತು, ಸ್ಟ್ರೆಚರ್ ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ನಾಲ್ಕು ಜನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನೈಟಿಯಲ್ಲೇ, ಕೆಳಗೆ ಹೊತ್ತುಕೊಂಡು ಬಂದರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯಿತು. "ಅಯ್ಯೋ ಪಾಪ, ಹೋಗೇಬಿಟ್ರಾ?" ಎಂದಳು ಎರಡನೇ ಮಹಡಿಯವಳು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ ಡಾಕ್ಟರು ಹೇಳಿದ್ದೇನು? ಗ್ಯಾಸು!

ಎದೆನೋವಾಗಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ ಅವರಿಗೆ. ಗ್ಯಾಸಿಗೋಸ್ಕರ ಮೆರವಣಿಗೆ ಹೋಗಿ ಬಂದ ಮೇಲೆ ಮನಸ್ಸಿನಲ್ಲೇ ಒಂದು ಶಪಥ ಮಾಡಿದರು: ಬದುಕಿರುವಷ್ಟು ದಿನ ನನ್ನ ಕಾಲ ಮೇಲೆ ನಾನೇ ಮನೆಯಿಂದ ಹೊರಗೆ ಬರಬೇಕು, ನನ್ನ ಕಾಲ ಮೇಲೆ ನಾನೇ ಒಳಗೆ ಹೋಗಬೇಕು, ಇನ್ನೊಂದು ಸಲ ಯಾರ ಕೈಯಲ್ಲೂ ಹೊರಿಸಿಕೊಳ್ಳಲಾರೆ. ಬೇರೇನೂ ಬೇಡವಾಗಿತ್ತು ಅವರಿಗೆ. ಹಾಗಂತ ತನಗೆ ವಯಸ್ಸಾಗಿದೆ ಎಂದು ಒಪ್ಪಿಕೊಂಡರು ಅಂದುಕೊಳ್ಳಬೇಡಿ. ಯಾರಾದರೂ ವಯಸ್ಸು ಕೇಳಿದರೆ "ಅರವತ್ತು ದಾಟಿದೆ" ಎನ್ನುತ್ತಿದ್ದರು. ಸುಳ್ಳೇನಲ್ಲ, ದಾಟಿ ಬಹಳ ದೂರ ಬಂದಾಗಿತ್ತು, ಅಷ್ಟೇ.

"ಸರಿ," ಎಂದರು ಟೈಲರಮ್ಮ, ಕಣ್ಣು ಕಿರಿದು ಮಾಡಿ. "ನನಗೆ ಅಂತ ಕೇಳಲ್ಲ. ನಮ್ಮತ್ತೆಗೆ ಅಂತ ಕೇಳ್ತೀನಿ."

ಪೋಸ್ಟ್‌ಮಾಸ್ಟರು ತಿರುಗಿ ನೋಡಿದರು. "ಯಾವ ಅತ್ತೆ?"

"ನನಗೆ ಇನ್ನೆಷ್ಟು ಜನ ಅತ್ತೇರು ಇದ್ರು? ನಿಮ್ಮಮ್ಮ. ದೊಡ್ಡ ಭಾವನ ಮನೇಲಿ ಇರ್ತಾರೆ, ಆಗಾಗ ನಮ್ಮನೆಗೆ ಬಂದು ಒಂದೊಂದು ವಾರ ಇದ್ದು ಹೋಗ್ತಾರೆ. ಬಂದು ಹೋಗೋರಿಗೆ ಯಾವ ಓನರ್ ಬೇಡ ಅಂತಾನೆ?"

"ನಮ್ಮಮ್ಮ ತೀರ್ಕೊಂಡು ಯಾವ ಕಾಲ ಆಯ್ತೇ!"

"ಹೌದಲ್ಲ, ಅದಕ್ಕೇ ಅವರ ಅಭ್ಯಂತರ ಏನೂ ಇರಲ್ಲ."

ಬ್ರೋಕರ್ ಹೆಲ್ಮೆಟ್ ತೆಗೆದು ಟೈಲರಮ್ಮನನ್ನು ಒಂದು ಕ್ಷಣ ನೋಡಿದ. "ಅಮ್ಮಾ, ನೀವು ನಮ್ಮ ಲೈನಿಗೆ ಬರ್ಬೇಕಿತ್ತು," ಎಂದ. ಅದು ಮನಸ್ಸಿನಿಂದ ಬಂದ ಮಾತು.

ಹೀಗೆ ಸತ್ತ ಅತ್ತೆ ಮನೆ ಹುಡುಕಲು ಹೊರಟರು. ಬದುಕಿದ್ದಾಗ ಆಕೆ ಸೊಸೆ ಹೊಲಿದ ಒಂದೇ ಒಂದು ರವಿಕೆಯನ್ನು ಚೆನ್ನಾಗಿದೆ ಅಂದವರಲ್ಲ. ತೋಳು ಬಿಗಿ, ಕತ್ತು ಅಗಲ, ಗುಂಡಿ ಓರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಸುಮ್ಮನೆಯೇ? ಟೈಲರಮ್ಮ ಈಗ ಅತ್ತೆಗೆ ಒಂದೊಂದೇ ಕಾಯಿಲೆ ಅಳತೆ ತೆಗೆದು ತೊಡಿಸುತ್ತ ಹೋದರು.

ಮೊದಲನೆಯದು "ಗ್ರೌಂಡ್ ಫ್ಲೋರ್" ಮನೆ. ಹೋಗಿ ನೋಡಿದರೆ ಕೆಳಗೆ ಪೂರ್ತಿ ಕಾರು ನಿಲ್ಲಿಸುವ ಜಾಗ, ಮನೆ ಅದರ ಮೇಲೆ, ನಡುವೆ ಹಿಡಿದುಕೊಳ್ಳಲು ಕಂಬಿ ಇಲ್ಲದ ಕಡಿದಾದ ಮೆಟ್ಟಿಲು.

"ಇದು ಯಾವ ಲೆಕ್ಕದಲ್ಲಿ ಗ್ರೌಂಡು?" ಎಂದರು ಟೈಲರಮ್ಮ.

"ಕಾರಿಗೆ ಗ್ರೌಂಡು, ಮನುಷ್ಯರಿಗೆ ಸ್ವಲ್ಪ ಮೇಲೆ," ಎಂದ ಬ್ರೋಕರ್. "ಪಕ್ಕದಲ್ಲಿ ಇಳಿಜಾರು ಇದೆಯಲ್ಲ ಅಮ್ಮಾ, ಗಾಲಿಕುರ್ಚಿ ಆರಾಮಾಗಿ ಬರುತ್ತೆ."

"ಅದು ಕಾರು ಒಳಗೆ ಇಳಿಯೋ ಇಳಿಜಾರು. ನಮ್ಮತ್ತೇನ ಅಲ್ಲಿ ಬಿಟ್ರೆ ಸೀದಾ ಹೋಗಿ ನೀರಿನ ಟ್ಯಾಂಕಿಗೆ ಗುದ್ದುತ್ತಾರೆ. ಮೊದಲೇ ಮೊಣಕಾಲು ಇಲ್ಲ ಪಾಪ."

"ನಮ್ಮಮ್ಮನಿಗೆ ಮೊಣಕಾಲು ನೋವಿರಲಿಲ್ಲ," ಎಂದರು ಪೋಸ್ಟ್‌ಮಾಸ್ಟರು ಸಣ್ಣ ದನಿಯಲ್ಲಿ. ಟೈಲರಮ್ಮ ಅವರ ಕಾಲು ತುಳಿದರು.

"ಕ್ಲಿನಿಕ್?" ಅಂತ ಕೇಳಿದಾಗ ಆ ಮನೆಯ ಓನರ್ ಹೆಮ್ಮೆಯಿಂದ ಎದುರಿನ ಹೊಳೆಯುವ ಬೋರ್ಡು ತೋರಿಸಿದ. ಟೈಲರಮ್ಮ ಕನ್ನಡಕ ಏರಿಸಿ ಓದಿದರು. ತಲೆಗೂದಲು ನೆಡುವ ಕ್ಲಿನಿಕ್ ಅದು. "ನಮ್ಮತ್ತೆಗೆ ಎದೆ ನೋವು ಬಂದ್ರೆ ಇವರು ಕೂದಲು ನೆಡ್ತಾರೇನು?" ಎಂದು ಕೇಳಿ ಹೊರಬಂದರು.

ಎರಡನೆಯದರಲ್ಲಿ ಲಿಫ್ಟ್ ಇತ್ತು. ಹಳೇ ಕಟ್ಟಡ, ಲಿಫ್ಟ್ ಆಮೇಲೆ ಹೊರಗಿನಿಂದ ಅಂಟಿಸಿದ್ದು. ಆದ್ದರಿಂದ ಅದು ಮಹಡಿಗೆ ಬರುತ್ತಿರಲಿಲ್ಲ, ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ಅರ್ಧ ಮೆಟ್ಟಿಲು ಹತ್ತಬೇಕು, ಇಲ್ಲ ಅರ್ಧ ಇಳಿಯಬೇಕು. ಟೈಲರಮ್ಮ ಕೈಚೀಲದಿಂದ ಟೇಪು ತೆಗೆದು ಲಿಫ್ಟಿನ ಬಾಗಿಲಿಗೆ ಹಿಡಿದರು. "ಆಸ್ಪತ್ರೇಲಿ ಗಾಲಿಕುರ್ಚಿ ಅಳೆದಿದ್ದೀನಿ, ಇಪ್ಪತ್ತಾರು ಇಂಚು. ಇದು ಇಪ್ಪತ್ತನಾಲ್ಕು. ನಮ್ಮತ್ತೇನ ಮಡಚಿ ಒಳಗೆ ಹಾಕ್ಬೇಕು." ಅಷ್ಟು ಹೇಳುತ್ತಿದ್ದಂತೆ ಕರೆಂಟ್ ಹೋಯಿತು. ಜನರೇಟರ್ ಗುಡುಗುಡು ಎಂದು ಶುರುವಾಗಿ ಮೆಟ್ಟಿಲ ದೀಪಗಳು ಹತ್ತಿಕೊಂಡವು, ಲಿಫ್ಟ್ ಮಾತ್ರ ಕತ್ತಲಲ್ಲೇ ನಿಂತಿತು.

"ಜನರೇಟರ್ ದೀಪಕ್ಕೆ, ನೀರಿನ ಪಂಪಿಗೆ ಮಾತ್ರ," ಎಂದ ಅಲ್ಲಿಯ ವಾಚ್‌ಮನ್. "ಲಿಫ್ಟ್‌ಗೆ ಇಲ್ಲ."

"ಒಳಗೆ ಯಾರಾದ್ರೂ ಇದ್ರೆ?"

"ಕೂಗ್ತಾರೆ," ಎಂದ ಅವನು ನಿರಾಳವಾಗಿ.

ಆ ಹೊತ್ತಿಗೆ ಅತ್ತೆಯವರಿಗೆ ಮೊಣಕಾಲಿನ ಜೊತೆಗೆ ಉಬ್ಬಸ, ಬಿಪಿ, ತಲೆಸುತ್ತು, ಮೆಟ್ಟಿಲಂಚು ಕಾಣದ ಕಣ್ಣು ಎಲ್ಲ ಬಂದಾಗಿತ್ತು. ಪೋಸ್ಟ್‌ಮಾಸ್ಟರು ದಾರಿಯುದ್ದಕ್ಕೂ ಮುಖ ಊದಿಸಿಕೊಂಡರು. "ಕೊನೇ ದಿನದವರೆಗೂ ಸಂತೆಗೆ ನಡ್ಕೊಂಡು ಹೋಗಿ ಬಂದ ಹೆಂಗಸು ಅದು. ನೆಗಡಿ ಕೂಡ ಬಂದಿರಲಿಲ್ಲ. ನೀನು ಅವಳನ್ನ ಹಾಸಿಗೆ ಹಿಡಿಸಿಬಿಟ್ಟೆ."

"ಬದುಕಿದ್ದಾಗ ಸೊಸೆಗೊಂದು ಉಪಕಾರ ಮಾಡ್ಲಿಲ್ಲ. ಈಗ್ಲಾದ್ರೂ ಮಾಡ್ಲಿ ಬಿಡಿ," ಎಂದರು ಟೈಲರಮ್ಮ.

ಮೂರನೆಯ ಮನೆಗೆ ಬಂದಾಗ ಟೈಲರಮ್ಮನ ಬಾಯಿ ತಂತಾನೇ ಮುಚ್ಚಿತು. ಅಗಲವಾದ ಬೀದಿ, ಆಂಬ್ಯುಲೆನ್ಸ್ ಗೇಟಿನ ತನಕ ಬಂದು ತಿರುಗಬಹುದು. ಗೇಟಿನಿಂದ ಲಿಫ್ಟಿನ ಬಾಗಿಲವರೆಗೆ ಒಂದು ಹೊಸಿಲೂ ಇಲ್ಲ, ನೆಲ ಒಂದೇ ಸಮ. ಲಿಫ್ಟಿನ ಬಾಗಿಲು ಟೇಪಿನಲ್ಲಿ ಪಾಸಾಯಿತು. ಒಳಗೆ ಹಿಡಿದುಕೊಳ್ಳಲು ಸರಳು, ಕೂತವರಿಗೂ ಎಟಕುವ ಗುಂಡಿಗಳು. ಎರಡು ಕಟ್ಟಡ ಆಚೆ ಕ್ಲಿನಿಕ್, ಡಾಕ್ಟರು ಬೆಳಿಗ್ಗೆಯೂ ಬರುತ್ತಾರೆ, ಸಂಜೆಯೂ ಬರುತ್ತಾರೆ, ಹೊರಗೆ ಬೆಂಚಿನ ಮೇಲೆ ನಿಜವಾದ ಕೆಮ್ಮಿನವರು ಕೂತಿದ್ದಾರೆ. ರಾತ್ರಿಹಗಲು ತೆರೆದಿರುವ ದೊಡ್ಡ ಆಸ್ಪತ್ರೆ ಮುಖ್ಯರಸ್ತೆಯ ಆ ಬದಿಗೆ. ಮನೆ ಎರಡನೇ ಮಹಡಿಯಲ್ಲಿ, ಕಿಟಕಿಯಿಂದ ಮರದ ತಲೆ ಕಾಣುತ್ತದೆ. ಇಂಥ ಮನೆ ಬೇಕು ಅಂತ ತಾನು ಎಷ್ಟು ಆಸೆಪಟ್ಟಿದ್ದೆ ಅನ್ನುವುದು ಅದನ್ನು ನೋಡಿದ ಮೇಲೆಯೇ ಟೈಲರಮ್ಮನಿಗೆ ಗೊತ್ತಾಯಿತು.

ಕಟ್ಟಡದ ಓನರಮ್ಮ ಕೆಳಗಿನ ಮನೆಯಲ್ಲಿಯೇ ಇರುವವರು. ಬಿಳಿ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡ, ಹೆಚ್ಚು ಮಾತಾಡದ, ಎಲ್ಲವನ್ನೂ ನೋಡುವ ಹೆಂಗಸು. ಕೇಳುವ ಮೊದಲೇ ಹೇಳಿದರು: "ಕರೆಂಟ್ ಹೋದ್ರೆ ಲಿಫ್ಟ್ ತಾನೇ ಹತ್ತಿರದ ಮಹಡಿಗೆ ಬಂದು ಬಾಗಿಲು ತೆಗೆಯುತ್ತೆ. ಆಮೇಲೆ ಜನರೇಟರ್ ಮೇಲೆ ಓಡುತ್ತೆ. ಯಾರಿಗೆ ಬೇಕಾಗಿತ್ತು ಲಿಫ್ಟು?"

"ನಮ್ಮತ್ತೆಗೆ," ಎಂದರು ಟೈಲರಮ್ಮ. "ಬಂದು ಹೋಗ್ತಿರ್ತಾರೆ. ಮೊಣಕಾಲು ಅಂದ್ರೆ ಮೊಣಕಾಲು. ಒಂದು ಮೆಟ್ಟಿಲು ಇಳಿಯೋಕೆ ಹೋದ್ರೆ ಒಳಗಡೆ ಸೂಜಿ ಚುಚ್ಚಿದ ಹಾಗೆ. ಕೂತ್ರೆ ಏಳೋಕಾಗಲ್ಲ, ಎದ್ರೆ ಕೂರೋಕಾಗಲ್ಲ."

"ಅಯ್ಯೋ. ಬೆಳಿಗ್ಗೆ ಜಾಸ್ತೀನಾ, ಸಂಜೆನಾ?"

"ಬೆಳಿಗ್ಗೆ ಹಿಡ್ಕೊಂಡಿರುತ್ತೆ. ಸ್ವಲ್ಪ ಓಡಾಡಿದ ಮೇಲೆ ಬಿಡುತ್ತೆ. ಮತ್ತೆ ಸಂಜೆ ಶುರು."

"ಅತ್ತೇನೇ ಹೇಳಿದ ಹಾಗೆ ಹೇಳ್ತೀರಲ್ಲ," ಎಂದರು ಓನರಮ್ಮ. "ನೋಡೋಕೆ ಹೇಗಿದ್ದಾರೆ?"

"ಗಿಡ್ಡ. ಬೆನ್ನು ಬೇರೆ ಬಾಗಿದೆ. ಇಷ್ಟೇ ಇಷ್ಟು," ಎಂದು ಟೈಲರಮ್ಮ ತಮ್ಮ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದರು. ಪೋಸ್ಟ್‌ಮಾಸ್ಟರು ತಲೆ ಎತ್ತಿ ಬಾಗಿಲಿನ ಮೇಲ್ಗಡೆ ನೋಡಿದರು. ಅವರ ಅಮ್ಮ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುತ್ತಿದ್ದ ಆಳು.

ಓನರಮ್ಮ ಒಂದೊಂದೇ ಕೋಣೆ ತೋರಿಸಿದರು. ಬಚ್ಚಲಮನೆಯ ನೆಲ ಒಂದು ಹಿಡಿಯಷ್ಟು ತಗ್ಗಿನಲ್ಲಿತ್ತು. ಟೈಲರಮ್ಮ ಗೋಡೆಗೆ ಕೈಕೊಟ್ಟು ಇಳಿದು, ಸುತ್ತ ನೋಡಿ, ಗೋಡೆಗೆ ಕೈಕೊಟ್ಟು ಮೇಲೆ ಬಂದರು. ಇದಿಷ್ಟು ಬಿಟ್ಟರೆ ಕುಂದೇ ಇಲ್ಲ. ಅವರು ಬ್ರೋಕರನಿಗೆ ಕಣ್ಣಲ್ಲೇ "ಮುಗಿಸು" ಎಂದರು.

"ಮನೆ ಕೊಡ್ತೀನಿ," ಎಂದರು ಓನರಮ್ಮ. "ಒಂದೇ ಮಾತು. ನಿಮ್ಮತ್ತೇನ ಒಂದ್ಸಲ ಕರ್ಕೊಂಡು ಬನ್ನಿ."

ಬ್ರೋಕರನ ಮುಖದ ನಗು ಜಾರಿ ಕೆಳಗೆ ಬಿತ್ತು.

"ಈ ಬಿಲ್ಡಿಂಗಲ್ಲಿ ಎಲ್ಲರಿಗಿಂತ ಹಿರೀಳು ನಾನೇ," ಎಂದರು ಆಕೆ, ಕಿಟಕಿಯ ಕಡೆ ನೋಡುತ್ತ. "ಎಲ್ಲರ ಬಾಯಲ್ಲೂ ಆಂಟಿ, ಇಲ್ಲಾಂದ್ರೆ ಅಜ್ಜಿ. ಬೆಳಿಗ್ಗೆ ಹೋದ್ರೆ ಸಂಜೆ ಬರೋ ಮಕ್ಕಳು ಅವರೆಲ್ಲ. ನನ್ನನ್ನ ‘ಏ ಹುಡುಗಿ’ ಅಂತ ಕರೆಯೋರು ಒಬ್ಬರೂ ಉಳಿದಿಲ್ಲ. ನಿಮ್ಮತ್ತೆ ಬಂದು ನೋಡ್ಲಿ. ಅವರು ಹೂಂ ಅಂದ್ರೆ ಅವತ್ತೇ ಕೀ ಕೊಡ್ತೀನಿ. ಶನಿವಾರ ಬನ್ನಿ."

ಬೀದಿಗೆ ಬಂದ ಮೇಲೆ ಪೋಸ್ಟ್‌ಮಾಸ್ಟರು ಬಾಯಿ ತೆರೆದರು. "ಎಲ್ಲಿಂದ ಕರ್ಕೊಂಡು ಬರ್ತೀಯಾ? ಗೋಡೆ ಮೇಲಿನ ಫೋಟೋ ಇಳಿಸ್ಕೊಂಡು ಬರ್ತೀಯಾ?"

"ಅಮ್ಮಾ," ಎಂದ ಬ್ರೋಕರ್, ದನಿ ತಗ್ಗಿಸಿ. ಕಮಿಷನ್ನು ಕೈಗೆ ಬಂದ ತುತ್ತಿನ ಹಾಗೆ ಬಾಯಿಯ ಹತ್ತಿರ ನಿಂತಿತ್ತು ಅವನಿಗೆ. "ನಮ್ಮ ಸೋದರತ್ತೆ ಒಬ್ಬರಿದ್ದಾರೆ. ಗಿಡ್ಡಕ್ಕಿದ್ದಾರೆ. ಬೆನ್ನೂ ಬಾಗಿದೆ. ಒಂದು ಗಂಟೆಗೆ ಕಳಿಸ್ಲಾ?"

ಟೈಲರಮ್ಮ ಒಂದು ಕ್ಷಣ ಯೋಚಿಸಿದರು. ಹೌದು, ಯೋಚಿಸಿದರು, ಮುಚ್ಚಿಡುವುದೇನು! ಆಮೇಲೆ ತಲೆಯಾಡಿಸಿದರು. "ಬೇಡಪ್ಪಾ. ಒಬ್ಬ ಅತ್ತೇನ ಕಂಡೇ ಸಾಕಾಗಿದೆ, ಎರವಲು ಬೇರೆ ಯಾರಿಗೆ ಬೇಕು."

ಅವತ್ತು ತಮ್ಮ ಮನೆಯ ಮೆಟ್ಟಿಲು ಹತ್ತುವಾಗ ಪೋಸ್ಟ್‌ಮಾಸ್ಟರು ಎರಡನೇ ಮಹಡಿಯಲ್ಲಿ ನಿಂತುಬಿಟ್ಟರು. ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಬಾಗಿದರು. ಚಪ್ಪಲಿಗೇನೂ ಆಗಿರಲಿಲ್ಲ. ಟೈಲರಮ್ಮನೂ ಮೊಣಕಾಲು ತಿಕ್ಕಿಕೊಳ್ಳುತ್ತ ಪಕ್ಕದಲ್ಲಿ ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನಿಜ ಹೇಳಿಬಿಡೋಣ ಕಣೇ," ಎಂದರು ಅವರು, ಏದುಸಿರು ಬಿಡುತ್ತ.

"ನಿಜ ಹೇಳಿದ್ದಕ್ಕೇ ಅಲ್ವಾ ಎರಡು ಮನೆ ಹೋಗಿದ್ದು? ನಮ್ಮಿಬ್ಬರಲ್ಲಿ ಯಾರನ್ನ ಮೊದಲು ಕುರ್ಚೀಲಿ ಇಳಿಸ್ತಾರೋ ಅಂತ ಕಾಯ್ತಾ ಕೂರೋಣ್ವಾ?" ಎಂದರು ಟೈಲರಮ್ಮ. ಆ ಮಾತು ತಮಾಷೆಗೆ ಬರಲಿಲ್ಲ.

ಶನಿವಾರ ಬಂತು. ಟೈಲರಮ್ಮ ದಾರಿಯಲ್ಲೇ ಸುಳ್ಳಿಗೆ ಕಾಜಾಗುಂಡಿ ಹಾಕಿ ಮುಗಿಸಿದ್ದರು. ಅತ್ತೆಗೆ ನೆಗಡಿ. ನೆಗಡಿ ಎದೆಗಿಳಿದಿದೆ. ಡಾಕ್ಟರು ಹೊರಗೆ ಹೋಗಬೇಡಿ ಅಂದಿದ್ದಾರೆ. ಆದರೆ ಮೊಬೈಲಲ್ಲಿ ಮನೆಯ ಫೋಟೋ ನೋಡಿ ಬಹಳ ಇಷ್ಟಪಟ್ಟರು, ಓನರಮ್ಮನಿಗೆ "ಆ ಹುಡುಗಿಗೆ ನನ್ನ ಆಶೀರ್ವಾದ ಹೇಳು" ಅಂದರು. ಆ "ಹುಡುಗಿ" ಸೇರಿಸಿದ್ದು ಎಂಥ ಚಮತ್ಕಾರ ಅಂತ ಅವರಿಗೇ ಹೆಮ್ಮೆ. ಪೋಸ್ಟ್‌ಮಾಸ್ಟರು ಪಕ್ಕದಲ್ಲಿ ಬಾಯಿ ಬಿಗಿದು ನಡೆದರು. ಬ್ರೋಕರ್ ಗೇಟಿನ ಹತ್ತಿರ ಸ್ಕೂಟರಿನ ಕನ್ನಡಿ ಒರೆಸುತ್ತ ಕಾದಿದ್ದವನು ಅವರ ಹಿಂದೆಯೇ ಮೇಲೆ ಬಂದ.

ಓನರಮ್ಮ ಮೇಲಿನ ಮನೆಯಲ್ಲಿ ಬಾಗಿಲು ತೆರೆದೇ ಕೂತಿದ್ದರು. ಇಬ್ಬರ ಹಿಂದೆ ಕಣ್ಣಾಡಿಸಿದರು. "ಅತ್ತೆ?"

"ನೆಗಡಿ," ಎಂದರು ಟೈಲರಮ್ಮ. "ಎದೆಗಿಳಿದಿದೆ. ಇಲ್ಲಾಂದ್ರೆ ಬಂದೇ ಬರ್ತಿದ್ರು. ಫೋಟೋ ನೋಡಿ—"

"ಛೇ ಛೇ. ಅವರಿಗೇ ಅಂತ ಒಂದು ಕೆಲಸ ಮಾಡಿಸಿದ್ದೆ," ಎಂದು ಓನರಮ್ಮ ಮಾತು ತುಂಡರಿಸಿದರು. "ಬಚ್ಚಲಮನೇಲಿ ಇದೆ. ಹೋಗಿ ನೋಡ್ಕೊಂಡು ಬನ್ನಿ."

ಟೈಲರಮ್ಮ ಹೋದರು. ಬಾಗಿಲ ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕೆಯೊಂದು ಹೊಸದಾಗಿ ಬಂದಿತ್ತು, ಕಮೋಡಿನ ಪಕ್ಕಕ್ಕೆ ಇನ್ನೊಂದು. ತಗ್ಗಿನ ನೆಲದ ಮೇಲೆ ಜಾರದ ಚಾಪೆ. ಅವರು ಎಂದಿನಂತೆ ಬಲಗಾಲು ಮೊದಲು ಇಳಿಸಿದರು, ಕೈ ತಾನಾಗಿ ಗೋಡೆಗೆ ಹೋಯಿತು, ಹಿಡಿಕೆ ಅಂಗೈಯೊಳಗೆ ಬಂದು ಕೂತಿತು. ಕೈ ಎತ್ತಬೇಕಾಗಲಿಲ್ಲ, ಬಾಗಬೇಕಾಗಲಿಲ್ಲ. ಅಲ್ಲೇ ನಿಂತುಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ "ಎಷ್ಟು ಒಳ್ಳೆಯವರು" ಅಂದುಕೊಂಡು ಹೊರಗೆ ಬರುತ್ತಿದ್ದರು. ಆದರೆ ಇವರು ಹೊಲಿಗೆಯವರು. ಯಾರದೋ ಅಳತೆಯ ಬಟ್ಟೆ ಯಾವುದು, ತನ್ನದೇ ಅಳತೆ ತೆಗೆದು ಹೊಲಿದದ್ದು ಯಾವುದು ಅಂತ ಅವರಿಗೆ ಮೈಯೇ ಹೇಳುತ್ತದೆ. ಟೇಪು ಬೇಕಿರಲಿಲ್ಲ. ಸೊಂಟದೆತ್ತರದ, ಬೆನ್ನು ಬಾಗಿದ ಮುದುಕಿಗೆ ಈ ಹಿಡಿಕೆ ತಲೆಗೆ ತಾಗುತ್ತಿತ್ತು. ಅಂದರೆ ಇದು ಅತ್ತೆಗೆ ಹಾಕಿಸಿದ್ದಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಟೈಲರಮ್ಮ ಕೆಳಗೆ ನೋಡಿದರು. ಅವರ ಎಡಗೈ ಅವರ ಎಡ ಮೊಣಕಾಲಿನ ಮೇಲೆಯೇ ಇತ್ತು. ಅವತ್ತು ಅತ್ತೆಯ ನೋವು ವರ್ಣಿಸುವಾಗಲೂ ಇದೇ ಕೈ ಇಲ್ಲೇ ಇದ್ದಿರಬೇಕು.

ಅವರಿಗೆ ನಾಚಿಕೆಯಾಯಿತು, ಅಳು ಬಂತು, ನಗುವೂ ಬಂತು. ಮೂರನ್ನೂ ಸೆರಗಿನಲ್ಲಿ ಒರೆಸಿಕೊಂಡು ಹೊರಗೆ ಬಂದರು.

"ನಮ್ಮತ್ತೆ ಹೋಗಿ ಯಾವ ಕಾಲ ಆಯ್ತೋ," ಎಂದರು, ನಿಂತಲ್ಲೇ. "ಮೊಣಕಾಲು ನಂದು. ಇವರ ಎದೇಲಿ ಸ್ಟೆಂಟ್ ಇದೆ. ನಾವಿರೋದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೋದ ವರ್ಷ ನನ್ನನ್ನ ಕುರ್ಚೀಲಿ ಹೊತ್ಕೊಂಡು ಇಳಿಸಿದ್ರು, ಬಿಲ್ಡಿಂಗ್ ಪೂರ್ತಿ ನೋಡ್ತು. ಇನ್ನೊಂದ್ಸಲ ಹಾಗೆ ಆಗೋದು ಬೇಡ ನನಗೆ. ನಡ್ಕೊಂಡು ಹೊರಗೆ ಬರ್ಬೇಕು, ನಡ್ಕೊಂಡು ಒಳಗೆ ಹೋಗ್ಬೇಕು. ಅಷ್ಟಕ್ಕೇ ಈ ನಾಟಕ ಎಲ್ಲ. ಮುದುಕರಿಗೆ ಮನೆ ಕೊಡಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಹೋಗ್ತೀವಿ."

ಬಾಗಿಲ ಹತ್ತಿರ ಬ್ರೋಕರ್ ಹಣೆ ಚಚ್ಚಿಕೊಂಡ. ಪೋಸ್ಟ್‌ಮಾಸ್ಟರ ಮುಖ ಮಾತ್ರ ಹಲವು ದಿನಗಳ ಮೇಲೆ ಹಗುರಾಯಿತು. "ಇನ್ನೊಂದು ಮಾತು," ಎಂದರು ಅವರು ಓನರಮ್ಮನಿಗೆ. "ನಮ್ಮಮ್ಮ ಗಿಡ್ಡ ಇರಲಿಲ್ಲ. ಮೊಣಕಾಲು ನೋವೂ ಇರಲಿಲ್ಲ. ಅದೊಂದು ನಿಮಗೆ ಗೊತ್ತಿರಲಿ."

ಓನರಮ್ಮ ಇಷ್ಟು ಹೊತ್ತು ತುಟಿ ಬಿಗಿಹಿಡಿದು ಕೂತಿದ್ದರು. ಇನ್ನು ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೊತ್ತಿತ್ತಾ ನಿಮಗೆ?" ಎಂದರು ಟೈಲರಮ್ಮ.

"ಅತ್ತೆ ಮೊಣಕಾಲಿನ ಸುದ್ದಿ ಹೇಳ್ತಾ ನಿಮ್ಮ ಮೊಣಕಾಲು ಒತ್ಕೋತಿದ್ರಲ್ಲ! ಬಚ್ಚಲಿಗೆ ಇಳಿಯೋವಾಗ ಗೋಡೆ ಮೇಲೆ ಎಲ್ಲಿ ಕೈ ಇಟ್ರೋ, ಅಲ್ಲೇ ಬೆರಳಿಟ್ಟು ತೋರಿಸಿ ಹಿಡಿಕೆ ಹಾಕಿಸಿದೆ. ನಾನೂ ಒಂದ್ಸಲ ಬೆಳಿಗ್ಗೆ ಕೆಳಗಿನ ಬಚ್ಚಲಲ್ಲಿ ಬಿದ್ದೋಳೇ. ಎದ್ದು ಬಾಗಿಲು ತೆಗೆಯೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಕೂಗಿದ್ರೂ ಕೇಳೋರಿರಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ರು." ಆ ಮಾತು ಹೇಳುವಾಗ ಅವರ ನಗು ಒಂದಿಷ್ಟು ಹೊತ್ತು ನಿಂತಿತ್ತು. "ಹಗಲು ಹೊತ್ತಲ್ಲಿ ಮನೇಲಿರೋರು, ಕೂಗಿದ್ರೆ ಕೇಳೋರು ನನಗೂ ಬೇಕು ಕಣ್ರೀ. ಮುದುಕರಿಗೆ ಕೊಡಲ್ಲ ಅಂತ ನಾನೆಲ್ಲಿ ಅಂದೆ?"

"ಗೊತ್ತಿದ್ದೂ ಗೊತ್ತಿದ್ದೂ ಅತ್ತೇನ ಕರ್ಕೊಂಡು ಬನ್ನಿ ಅಂದ್ರಲ್ಲ!"

"ಅಷ್ಟು ಕಷ್ಟಪಟ್ಟು ಒಬ್ಬ ಅತ್ತೇನ ಎಬ್ಬಿಸಿ ನಿಲ್ಲಿಸಿದ್ರಿ. ಶನಿವಾರಕ್ಕೆ ಏನು ಮಾಡ್ತೀರ ಅಂತ ನೋಡೋ ಆಸೆ ಆಯ್ತು. ನೆಗಡಿ ತರ್ತೀರ ಅಂತ ನಾನು ಅಂದ್ಕೊಂಡಿರಲಿಲ್ಲ. ಆಸ್ಪತ್ರೆಗಾದ್ರೂ ಸೇರಿಸ್ತೀರ ಅಂದ್ಕೊಂಡಿದ್ದೆ." ಕಣ್ಣೊರೆಸಿಕೊಂಡು ಆಕೆ ಸೊಂಟದಿಂದ ಕೀಗೊಂಚಲು ತೆಗೆದರು. "ಆದ್ರೆ ನನಗೊಂದು ನಷ್ಟ ಆಯ್ತು ನೋಡಿ. ಮೊದಲು ನೀವು ಅತ್ತೆ ಅಂದಾಗ ‘ಏ ಹುಡುಗಿ’ ಅನ್ನೋರು ಸಿಕ್ಕಿದ್ರು ಅಂದ್ಕೊಂಡಿದ್ದೆ. ಎಪ್ಪತ್ತೊಂದಾಗಿರೋ ನನಗೆ ಯಾರು ಹಾಗಂತಾರೆ?"

ಟೈಲರಮ್ಮ ಸೆರಗು ಸರಿಮಾಡಿಕೊಂಡರು. ಒಳಗೆ ಏನೋ ಒಂದು ಹೊಲಿಗೆ ಬಿಚ್ಚಿತು. ಮದುವೆಯಾದಾಗಿನಿಂದ ಇವತ್ತಿನವರೆಗೆ ಅವರ ನಿಜವಾದ ವಯಸ್ಸು ಹೊರಗಿನ ಒಬ್ಬರ ಕಿವಿಗೂ ಬಿದ್ದಿರಲಿಲ್ಲ. ಡಾಕ್ಟರ ಚೀಟಿಯಲ್ಲಿ ಕೂಡ ಎರಡು ವರ್ಷ ಕಡಿಮೆ ಬರೆಸಿದ್ದ ಹೆಂಗಸು. ಪೋಸ್ಟ್‌ಮಾಸ್ಟರು ಉಸಿರು ಬಿಗಿಹಿಡಿದು ಹೆಂಡತಿಯ ಮುಖ ನೋಡಿದರು.

"ನನಗೆ ಎಪ್ಪತ್ತನಾಲ್ಕು," ಎಂದರು ಟೈಲರಮ್ಮ. ಬ್ರೋಕರನಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಗಲ್ಲ ಮೇಲೆತ್ತಿ. ಆಮೇಲೆ ಮೊಣಕಾಲು ಹಿಡಿದುಕೊಂಡು ಹತ್ತಿರದ ಕುರ್ಚಿಯಲ್ಲಿ ಧಾರಾಳವಾಗಿ ಕೂತು, ಕೈ ಚಾಚಿದರು.

"ಏ ಹುಡುಗಿ, ನಗ್ತಾ ಕೂತ್ಕೋಬೇಡ. ಆ ಕೀ ಇಲ್ಲಿ ತಗೊಂಡು ಬಾ."

ಓನರಮ್ಮ ಎದ್ದು ಬಂದು ಕೊಟ್ಟರು.